ಶ್ರವಣಕುಮಾರನ ನೋಟಿಸ್ ಪೀರಿಯಡ್

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಮಲೆನಾಡಿನ ಗಂಡಸಿಗೆ ಐವತ್ತು ಹತ್ತಿರವಾದಾಗ ಮೂರು ತೊಂದರೆ ಒಟ್ಟಿಗೆ ಶುರುವಾಗುತ್ತವೆ: ಚಾಳೀಸು, ಆಸಿಡಿಟಿ, ಮತ್ತು ಊರಿಗೆ ವಾಪಸ್ ಹೋಗಿ ಅಪ್ಪ ಅಮ್ಮನನ್ನು ನೋಡಿಕೊಳ್ಳುವ ಮಾತು. ಮೊದಲೆರಡಕ್ಕೆ ಔಷಧಿ ಉಂಟು. ಮೂರನೆಯದು ಸಾಮಾನ್ಯವಾಗಿ ಸೋಮವಾರ ಬೆಳಗ್ಗೆ ಸಿಲ್ಕ್ ಬೋರ್ಡಿನ ಹತ್ತಿರ ಉಲ್ಬಣಿಸಿ, ಸಂಬಳ ಬಿದ್ದ ಮೆಸೇಜು ಬಂದ ದಿನ ತಾನಾಗಿಯೇ ಇಳಿಯುತ್ತದೆ. ನನಗೂ ವರ್ಷಗಟ್ಟಲೆ ಹೀಗೇ ಏರಿ ಇಳಿಯುತ್ತಿತ್ತು. ಈ ಸಲ ಮಾತ್ರ ಸಂಬಳ ಬಂದರೂ ಇಳಿಯಲಿಲ್ಲ. ಅಪ್ಪಯ್ಯ ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದಿದ್ದರು.

ಅಪ್ಪಯ್ಯನಿಗೆ 78, ಅಮ್ಮನಿಗೆ 72. ಮನೆ ಇರುವುದು ತೀರ್ಥಹಳ್ಳಿಯಿಂದ ಒಳಗೆ, ಬಸ್ಸು ಇಳಿದ ಮೇಲೂ ಒಂದಿಷ್ಟು ಗದ್ದೆ ಅಂಚು ನಡೆಯಬೇಕಾದ ಕಡೆ. ಅವರು ಬಿದ್ದದ್ದು ಸೋಮವಾರ ರಾತ್ರಿ, ನನಗೆ ಗೊತ್ತಾದದ್ದು ಗುರುವಾರ. ಅಮ್ಮ ಶಿವಮೊಗ್ಗದಲ್ಲಿರುವ ಅಕ್ಕನಿಗೆ, "ಅವನಿಗೆ ಹೇಳಬೇಡ, ಆಫೀಸಲ್ಲಿ ಟೆನ್ಷನ್ ಇರ್ತದೆ" ಎಂಬ ಷರತ್ತಿನ ಮೇಲೆ ಹೇಳಿದ್ದಳು. ಅಕ್ಕ ಅದೇ ಷರತ್ತನ್ನು ಹಾಕಿ ಅಮೆರಿಕದ ತಮ್ಮನಿಗೆ ಹೇಳಿದ್ದಳು. ತಮ್ಮ ಅದನ್ನು ಮನೆಯ ವಾಟ್ಸ್ಯಾಪ್ ಗ್ರೂಪಿಗೆ ಹಾಕಿ, ಕೆಳಗೆ, "ಇನ್ನು ನಮ್ಮಲ್ಲಿ ಯಾರಾದರೂ ಒಬ್ಬರು ಊರಿಗೆ ಹೋಗಿ ಇರುವುದೇ ಸರಿ" ಎಂದು ಬರೆದಿದ್ದ. ಸಾಗರದಾಚೆ ಕೂತವರು 'ಯಾರಾದರೂ ಒಬ್ಬರು' ಎಂದರೆ ಅದು ನಾನೇ.

ನಾನು ಆ ರಾತ್ರಿಯೇ ನಿರ್ಧಾರ ಮಾಡಿಬಿಟ್ಟೆ. ಕೆಲಸ ಬಿಡುವುದು, ಊರಿಗೆ ಹೋಗುವುದು, ಹೆತ್ತವರ ಸೇವೆ ಮಾಡುವುದು, ಬಿಡುವಿನಲ್ಲಿ ತೋಟ ನೋಡುವುದು. ಹಾಗೆ ನಿರ್ಧರಿಸಿದ ಮೇಲೆ ಕನ್ನಡಿಯಲ್ಲಿ ನನ್ನ ಮುಖ ಸ್ವಲ್ಪ ತೇಜಸ್ಸಿನಿಂದ ಕೂಡಿದೆ ಅನ್ನಿಸಿತು. ಹೆಂಡತಿಗೆ ತೋರಿಸಿದೆ. "ಫೇಸ್‌ವಾಷ್ ಸರಿಯಾಗಿ ತೊಳೆದಿಲ್ಲ" ಎಂದಳು.

ನಾನು ವೃತ್ತಿಯಿಂದ ಪ್ರಾಜೆಕ್ಟ್ ಮ್ಯಾನೇಜರು. ನಮ್ಮ ಜಾತಿಯವರಿಗೆ ಯಾವ ಭಾವನೆ ಬಂದರೂ ಅದು ಎಕ್ಸೆಲ್ ಮೂಲಕವೇ ಹೊರಗೆ ಹೋಗಬೇಕು. ಶನಿವಾರ ಬೆಳಗ್ಗೆಯಿಂದ ಸಂಜೆಯವರೆಗೆ ಕೂತು ಒಂದು ಹಾಳೆ ಮಾಡಿದೆ. ಎಡಗಡೆ ಕೆಲಸಗಳು: ಮಾತ್ರೆ ಕೊಡುವುದು, ಆಸ್ಪತ್ರೆಗೆ ಕರೆದೊಯ್ಯುವುದು, ಅಡುಗೆ, ಬಟ್ಟೆ, ರಾತ್ರಿ ಎದ್ದು ನೋಡುವುದು, ತೋಟ, ಬ್ಯಾಂಕು, ಕರೆಂಟು ಬಿಲ್ಲು. ಬಲಗಡೆ ಎಷ್ಟು ಹೊತ್ತು ಬೇಕು, ಎಷ್ಟು ತುರ್ತು, ಯಾರ ಹೊಣೆ. ತುರ್ತಿನದ್ದಕ್ಕೆ ಕೆಂಪು ಬಣ್ಣ, ಸುಮಾರಿನದ್ದಕ್ಕೆ ಹಳದಿ, ಉಳಿದದ್ದಕ್ಕೆ ಹಸಿರು. ಚೆಂದ ಇತ್ತು. ಹೆಂಡತಿಗೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ.

ಅವಳು ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದಳು. ಆಮೇಲೆ ಕೇಳಿದಳು: "ರೀ, ಈ ಕೊನೆಯ ಸಾಲಿನಲ್ಲಿ 'ಒಟ್ಟಾರೆ ಮೇಲ್ವಿಚಾರಣೆ' ಅಂತ ಇದೆಯಲ್ಲ, ಅದು ಏನು ಕೆಲಸ?"

"ಎಲ್ಲ ಸರಿಯಾಗಿ ನಡೀತಿದೆಯಾ ನೋಡೋದು."

"ಅದರ ಮುಂದೆ ನಿಮ್ಮ ಹೆಸರಿದೆ. ಬ್ಯಾಂಕು, ಕರೆಂಟು ಬಿಲ್ಲಿಗೂ ನಿಮ್ಮ ಹೆಸರಿದೆ. ಉಳಿದ ಎಲ್ಲದರ ಮುಂದೆ ಬರೇ ಒಂದು ಗೆರೆ ಎಳೆದಿದ್ದೀರಿ. ಆ ಗೆರೆ ನಾನಾ?"

ಗೆರೆ ಅವಳೇ ಆಗಿತ್ತು. ನಾನು ಬರೆಯುವಾಗ ಅಷ್ಟು ಯೋಚಿಸಿರಲಿಲ್ಲ, ಕೈ ತಾನಾಗಿ ಎಳೆದಿತ್ತು. ನಮ್ಮ ಕಡೆ 'ಮಗ ಕೆಲಸ ಬಿಟ್ಟು ಬಂದು ಅಪ್ಪ ಅಮ್ಮನ್ನ ನೋಡಿಕೊಂಡ' ಎಂದು ಹೊಗಳಿಸಿಕೊಂಡ ಮನೆಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡರೆ, ಗಂಜಿ ಬೇಯಿಸಿದ್ದು, ಹಾಸಿಗೆ ಬದಲಿಸಿದ್ದು, ಮಲಗಿದಲ್ಲೇ ಇದ್ದ ಅತ್ತೆಯನ್ನು ಹೊತ್ತಿಗೊಮ್ಮೆ ಮಗ್ಗುಲು ಹೊರಳಿಸಿದ್ದು ಎಲ್ಲ ಸೊಸೆ. ಮಗ ಪೇಟೆಯಿಂದ ಡೈಪರ್ ತಂದಿರುತ್ತಾನೆ. ನನ್ನ ಹೆಂಡತಿ ಒಂದು ಖಾಸಗಿ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಟೀಚರು. ಮಗಳು ಈಗ ದ್ವಿತೀಯ ಪಿಯುಸಿ. ನನ್ನ ಹಾಳೆಯಲ್ಲಿ ಈ ಇಬ್ಬರಿಗೂ ಬಣ್ಣವೇ ಇರಲಿಲ್ಲ.

ಆದರೂ ಹಿಂದೆಗೆಯಲಿಲ್ಲ. ಆಫೀಸಿನ ಪೋರ್ಟಲ್ಲಿಗೆ ಹೋಗಿ ರಾಜೀನಾಮೆಯ ಪುಟ ತೆರೆದೆ. ಕಾರಣ ಆರಿಸಬೇಕಿತ್ತು. ಒಳ್ಳೆಯ ಅವಕಾಶ, ಉನ್ನತ ವ್ಯಾಸಂಗ, ಮದುವೆ, ಅನಾರೋಗ್ಯ, ಇತರೆ. ತಂದೆ ತಾಯಿ ಎಂಬ ಕಾರಣ ಪಟ್ಟಿಯಲ್ಲಿಲ್ಲ. ನಲವತ್ತೊಂಬತ್ತನೇ ವಯಸ್ಸಿನಲ್ಲಿ 'ಮದುವೆ' ಒತ್ತಿದರೆ ಎಚ್‌ಆರ್‌ನವರು ಖಂಡಿತ ಫೋನು ಮಾಡುತ್ತಾರೆ ಎಂದು 'ಇತರೆ' ಒತ್ತಿ, ಕಳಿಸದೆ ಹಾಗೇ ಇಟ್ಟು, ಕೊನೆಗೆ ಕೈಗೆ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಲು ಕೂತೆ.

ಗ್ರಾಚ್ಯುಟಿಯ ಲೆಕ್ಕ ಸುಲಭ. ಆಗಿನ ನಿಯಮದಂತೆ ಕೊನೆಯ ತಿಂಗಳ ಮೂಲವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷ ದುಡಿದಿದ್ದೇವೋ ಅಷ್ಟರಿಂದ ಗುಣಿಸಬೇಕಿತ್ತು. ನನ್ನದು ಮೂಲವೇತನ 60,000, ಈ ಕಂಪನಿಯಲ್ಲಿ 19 ವರ್ಷ. ಉತ್ತರ 6,57,692 ರೂಪಾಯಿ. ಒಟ್ಟು ಸಂಬಳ ದೊಡ್ಡದು ಎಂದು ಮದುವೆ ಮನೆಗಳಲ್ಲಿ ಹೇಳಿಕೊಂಡು ಬಂದವನಿಗೆ, ಅದರಲ್ಲಿ ಮೂಲವೇತನ ಎಂಬ ಭಾಗ ಇಷ್ಟು ಸಣ್ಣದಿದೆ ಎಂದು ತಿಳಿಯುವುದು ಈ ಲೆಕ್ಕ ಹಾಕಿದಾಗಲೇ. ಇನ್ನು ಪಿಎಫ್ ಜೊತೆ ಬರುವ ಪಿಂಚಣಿ. ಅದು ಪೂರ್ತಿ ಸಿಗಬೇಕಾದರೆ 58 ಆಗಬೇಕು, ಆದಮೇಲೂ ತಿಂಗಳಿಗೆ ನಾಲ್ಕು ಸಾವಿರ ದಾಟುವುದು ಅನುಮಾನ. ಅಂದರೆ ಅಪ್ಪಯ್ಯನ ಮಾತ್ರೆಗೆ ಸಾಕು, ನನ್ನ ಚಾಳೀಸಿಗೆ ಸಾಲದು.

ಇಷ್ಟರಮಟ್ಟಿಗೆ ಧೈರ್ಯ ಇತ್ತು. ತೋಟ ಉಂಟಲ್ಲ, ಅಡಿಕೆ ಉಂಟಲ್ಲ, ಊರಿನಲ್ಲಿ ಖರ್ಚೇನು ಎಂದು ಹೇಳಿಕೊಂಡೆ. ನಿಜವಾಗಿ ಬೆವರು ಬಂದದ್ದು ಆಫೀಸಿನ ಆರೋಗ್ಯ ವಿಮೆಯ ಹಾಳೆ ಓದಿದಾಗ.

ಅಪ್ಪಯ್ಯ, ಅಮ್ಮ ಇಬ್ಬರೂ ನನ್ನ ಕಂಪನಿಯ ಗುಂಪು ವಿಮೆಯಲ್ಲಿದ್ದಾರೆ. ಈ ಗುಂಪು ವಿಮೆಯ ಗುಣ ಏನೆಂದರೆ ಅದು ಹಳೆಯ ಕಾಯಿಲೆ ಕೇಳುವುದಿಲ್ಲ. ಸಕ್ಕರೆ ಇರಲಿ, ಬಿಪಿ ಇರಲಿ, ಹೃದಯಕ್ಕೆ ಸ್ಟೆಂಟ್ ಹಾಕಿರಲಿ, ಸೇರಿದ ದಿನದಿಂದ ಖರ್ಚು ಕೊಡುತ್ತದೆ. ಅದರ ಅವಗುಣ ಏನೆಂದರೆ ನಾನು ಕೊನೆಯ ದಿನ ಐಡಿ ಕಾರ್ಡು ವಾಪಸ್ ಕೊಟ್ಟು ಕೇಕು ತಿಂದು ಹೊರಗೆ ಬರುವಷ್ಟರಲ್ಲಿ ಅದೂ ಮುಗಿದಿರುತ್ತದೆ. ಆಮೇಲೆ ಹೊಸದಾಗಿ ಅವರ ಹೆಸರಿನಲ್ಲಿ ಪಾಲಿಸಿ ಮಾಡಿಸಲು ಹೋದರೆ, 65 ದಾಟಿದವರಿಗೆ ಕೊಡುವುದಿಲ್ಲ ಎಂಬ ಹಳೆಯ ಅಡ್ಡಿ 2024ರಲ್ಲಿ ತೆಗೆದಿದ್ದಾರೆ, ಸರಿ. ಆದರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸುವ ಅಧಿಕಾರ ವಿಮೆಯವರಿಗಿದೆ. ಮೊದಲು ಅದು ನಾಲ್ಕು ವರ್ಷ ಇತ್ತು, ಅದನ್ನೂ 2024ರಲ್ಲೇ ಇಳಿಸಿದರು. ನಮ್ಮ ಅಪ್ಪಯ್ಯನಲ್ಲಿ ಮೊದಲೇ ಇಲ್ಲದ ಕಾಯಿಲೆ ಹುಡುಕುವುದೇ ಕಷ್ಟ.

ಹಾಗಾಗಿ ಲೆಕ್ಕ ಹೀಗೆ ನಿಂತಿತು: ಹೆತ್ತವರ ಆರೋಗ್ಯ ನೋಡಿಕೊಳ್ಳಲು ಊರಿಗೆ ಹೊರಟ ಮಗ, ಬಸ್ಸು ಹತ್ತುವ ಮುಂಚೆ ಮೊದಲು ಮಾಡುವ ಸೇವೆ ಅವರ ಆರೋಗ್ಯ ವಿಮೆ ಕಿತ್ತುಹಾಕುವುದು. ಇದಕ್ಕೆ ದಾರಿ ಇಲ್ಲವೆಂದಲ್ಲ. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ. ಗುಂಪಿನಲ್ಲಿ ಕಳೆದ ವರ್ಷಗಳನ್ನು ಕಾಯುವ ಅವಧಿಯಲ್ಲಿ ವಜಾ ಮಾಡಿಸಿಕೊಳ್ಳಬಹುದು. ಆದರೆ ಅದನ್ನು ಕೆಲಸ ಬಿಡುವ ಮುಂಚೆಯೇ ಕೇಳಬೇಕು, ಮತ್ತು ವಯಸ್ಸು, ಕಾಯಿಲೆ ನೋಡಿ ಎಷ್ಟು ಪ್ರೀಮಿಯಮ್ಮು, ಕೊಡುತ್ತೇವೋ ಇಲ್ಲವೋ ಎಂದು ಅವರು ಹೇಳುತ್ತಾರೆ. ಇನ್ನೊಂದು ದಾರಿ, ಕೆಲಸದಲ್ಲಿರುವಾಗಲೇ ಬೇರೆ ಪಾಲಿಸಿ ತೆಗೆದು ಎರಡನ್ನೂ ಜೊತೆಯಲ್ಲಿ ಓಡಿಸುವುದು. ಹೊಸದು ಕಾಯುವ ಅವಧಿ ಮುಗಿಸುವವರೆಗೆ ಹಳೆಯದು ಕಾಯುತ್ತದೆ. ಇದನ್ನು ಆಫೀಸಿನ ಕ್ಯಾಂಟೀನಿನಲ್ಲಿ ನನಗೆ ವಿವರಿಸಿದವಳು ನನ್ನ ಕೈಕೆಳಗಿನ ಇಪ್ಪತ್ತಾರು ವರ್ಷದ ಹುಡುಗಿ. ಅವಳು ಕೆಲಸಕ್ಕೆ ಸೇರಿದ ವರ್ಷವೇ ತನ್ನ ಅಪ್ಪ ಅಮ್ಮನಿಗೆ ಮಾಡಿಸಿದ್ದಳಂತೆ. ನಾನು ಸೇರಿದ ವರ್ಷ ಬೈಕು ತಗೊಂಡಿದ್ದೆ.

ಕಾಗದದ ಮೇಲೆ ತೀರ್ಮಾನವಾಗುವ ವಿಷಯ ಅಲ್ಲ, ಊರಿನಲ್ಲಿ ಇದ್ದು ನೋಡೋಣ ಎಂದು ಮ್ಯಾನೇಜರರನ್ನು ಕಾಡಿ ಬೇಡಿ ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ತಗೊಂಡು ಜುಲೈ ತಿಂಗಳಲ್ಲಿ ಹೋದೆ. ಮಲೆನಾಡಿನ ಜುಲೈ ಗೊತ್ತಿದ್ದವರು ಇಲ್ಲಿಯೇ ನಗಬಹುದು. ಬೇರೆಯವರಿಗಾಗಿ ಹೇಳುತ್ತೇನೆ: ಮಳೆ ಹಿಡಿದರೆ ಬಿಡುವುದಿಲ್ಲ, ಮರ ಬಿದ್ದರೆ ಕರೆಂಟು ಇಲ್ಲ, ಕರೆಂಟು ಇಲ್ಲದಿದ್ದರೆ ಟವರಿಲ್ಲ, ಟವರಿಲ್ಲದಿದ್ದರೆ ನಾನಿಲ್ಲ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವ ಒಂದೇ ಜಾಗ ಕೊಟ್ಟಿಗೆಯ ಮೂಲೆ. ಅಲ್ಲಿ ಅಡಿಕೆ ಮೂಟೆಯ ಮೇಲೆ ಕೂತು ಫ್ರಾಂಕ್‌ಫರ್ಟಿನ ಗ್ರಾಹಕರ ಜೊತೆ ಮೀಟಿಂಗು. ಒಮ್ಮೆ ನಾನು ಮೈಕ್ ಬಂದ್ ಮಾಡಲು ಮರೆತು ಗೌರಿ ದನ ಕೂಗಿತು. ಅವರಲ್ಲೊಬ್ಬ, ಯಾರಿಗೋ ಏನೋ ಅಭಿಪ್ರಾಯವಿದೆ, ಮಾತಾಡಿ ಎಂದ.

ಸೇವೆಯ ವಿಷಯಕ್ಕೆ ಬರುತ್ತೇನೆ. ಇಬ್ಬರೇ ಇದ್ದಾಗ ಅಮ್ಮ ಬೆಳಗ್ಗೆ ಒಂದು ತಿಂಡಿ, ಮಧ್ಯಾಹ್ನಕ್ಕೆ ಅನ್ನ ಸಾರು, ರಾತ್ರಿಗೆ ಅದನ್ನೇ ಬಿಸಿ ಮಾಡಿ ಒಂದು ಹಪ್ಪಳ ಸುಟ್ಟು ಮುಗಿಸುತ್ತಿದ್ದಳು. ಮಗ ಬಂದ ಅಂತ ಕಡುಬು, ಕಳಲೆ ಪಲ್ಯ, ಕೆಸುವಿನ ಪತ್ರೊಡೆ. ನಡುವೆ ಮೂರು ಸಲ ಕಾಫಿ, ಕೊಟ್ಟಿಗೆಯವರೆಗೆ ಕೊಡೆ ಹಿಡಿದು ತಂದು ಕೊಡುವುದು. ನಾನು ಮೀಟಿಂಗಿನಲ್ಲಿದ್ದೇನೆ ಎಂದು ಸನ್ನೆ ಮಾಡಿದರೆ, ಆರಿಹೋಗ್ತದೆ ಎಂದು ಸನ್ನೆ ಮಾಡಿ ಅಲ್ಲೇ ನಿಲ್ಲುತ್ತಿದ್ದಳು. ಜೊತೆಗೆ ನನ್ನ ಬಟ್ಟೆ. ಮಳೆಗಾಲದಲ್ಲಿ ಒಬ್ಬ ಮನುಷ್ಯನ ಬಟ್ಟೆ ಒಣಗಿಸುವುದೆಂದರೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹೊತ್ತು ಹೊತ್ತಿಗೆ ಮಗುಚಬೇಕು. ನಾನು ಪಾತ್ರೆ ತೊಳೆಯಲು ಹೋದೆ. ಅವಳು ಅದನ್ನು ಮತ್ತೊಮ್ಮೆ ತೊಳೆದಳು. ಸಾರು ಮಾಡಲು ಹೋದೆ. ಅವಳು ಪಕ್ಕದಲ್ಲೇ ನಿಂತು ಹೇಳಿಕೊಡುತ್ತಾ, ಸುಮ್ಮನೆ ಮಾಡಿದ್ದರೆ ಹಿಡಿಯುತ್ತಿದ್ದ ಹೊತ್ತಿನ ಎರಡರಷ್ಟು ಹೊತ್ತು ನಿಂತಳು. ಎಕ್ಸೆಲ್ಲಿನಲ್ಲಿ ಅಮ್ಮನ ಕೆಲಸದ ಗಂಟೆ ತುಂಬಿಸಿದರೆ, ನಾನು ಬಂದಮೇಲೆ ಅದು ಜಾಸ್ತಿಯಾಗಿತ್ತು. ಮನೆಯಲ್ಲಿ ನೋಡಿಕೊಳ್ಳಬೇಕಾದವರು ಮೊದಲು ಇಬ್ಬರಿದ್ದರು, ಈಗ ಮೂವರು.

ತೋಟದ ಕನಸೂ ಅದೇ ವಾರ ಮುಗಿಯಿತು. ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ. ನಾನು ಓದಿಕೊಂಡು ಬಂದಿದ್ದೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸುವುದು, ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು ಅದಾಗಿ ನಲವತ್ತೋ ನಲವತ್ತೈದೋ ದಿನಕ್ಕೆ. ಅಪ್ಪಯ್ಯ ಪೂರ್ತಿ ಕೇಳಿ, "ಸರಿಯಾಗೇ ಹೇಳ್ದೆ. ಆದ್ರೆ ತೋಟ ಎರಡು ವರ್ಷದಿಂದ ಚೇಣಿಗೆ ಕೊಟ್ಟಾಗಿದೆ. ಔಷಧಿ ಅವ್ನೇ ಹೊಡೀತಾನೆ, ಕೊನೆ ಅವ್ನೇ ಕೊಯ್ಸ್ತಾನೆ, ನಮ್ಗೆ ದುಡ್ಡು ಕೊಡ್ತಾನೆ. ನೀ ಮಧ್ಯ ಎಂತ ಮಾಡ್ತೀಯ?" ಎಂದರು. ನನ್ನ ಹಾಳೆಯಲ್ಲಿ ಕೆಂಪು ಬಣ್ಣದಲ್ಲಿದ್ದ ತೋಟ ಎರಡು ವರ್ಷದಿಂದ ಹಸಿರಾಗಿಯೇ ಇತ್ತು.

ಊರವರು ನೋಡಲು ಬರತೊಡಗಿದರು. ಅಪ್ಪಯ್ಯನನ್ನಲ್ಲ, ನನ್ನನ್ನು. ದೀಪಾವಳಿಯಿಲ್ಲ, ತೇರಿಲ್ಲ, ಮದುವೆಯಿಲ್ಲ, ಇವನು ವಾರಗಟ್ಟಲೆ ಊರಲ್ಲಿದ್ದಾನೆ ಎಂದರೆ ಒಂದೇ ಅರ್ಥ. ಒಬ್ಬರು ಜಗುಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿ ಬಹಳ ಹೊತ್ತು ಸುಮ್ಮನಿದ್ದು, "ಕಂಪನಿಗಳು ಈಗ ಹಾಗೇ ಅಂತೆ ಮಾರಾಯ. ಬೇಜಾರು ಮಾಡ್ಕೊಬೇಡ" ಎಂದರು. ಕೆಲಸ ಹೋಗಿಲ್ಲ ಎಂದೆ. "ಹೌದು, ಹೌದು" ಎಂದು ಬೆನ್ನು ತಟ್ಟಿದರು. ಇನ್ನೊಬ್ಬರು ತಮ್ಮ ಅಳಿಯನಿಗೆ ಹೇಳಿ ಶಿವಮೊಗ್ಗದಲ್ಲಿ ಏನಾದರೂ ನೋಡುವುದಾಗಿ ಹೇಳಿ, ಕಂಪ್ಯೂಟರ್ ಬರುತ್ತದಾ ಎಂದು ಕೇಳಿದರು. ಅಪ್ಪಯ್ಯನಿಗೆ ಇದು ತಡೆಯಲಾಗಲಿಲ್ಲ. ಮೂವತ್ತು ವರ್ಷ ಸೊಸೈಟಿಯ ಪಡಸಾಲೆಯಲ್ಲಿ 'ನಮ್ಮ ಮಾಣಿ ಬೆಂಗಳೂರಲ್ಲಿ' ಎಂದು ಹೇಳಿಕೊಂಡು ಬಂದವರಿಗೆ, ಮಾಣಿ ಈಗ ಕೊಟ್ಟಿಗೆಯಲ್ಲಿದ್ದಾನೆ ಎಂದು ಹೇಳುವುದು ಬಿದ್ದ ಪೆಟ್ಟಿಗಿಂತ ಜಾಸ್ತಿ ನೋವು ಕೊಡುತ್ತಿತ್ತು.

ಒಂದು ರಾತ್ರಿ ಅಮ್ಮ ನೇರವಾಗಿ ಹೇಳಿದಳು: "ನೀ ಬರೋದು ಬೇಡ ಅಂತಲ್ಲ. ಬಾ, ನಾಲ್ಕು ದಿನ ಇರು, ಹೋಗು. ಹೋಗೋದೇ ಇಲ್ಲ ಅಂದ್ರೆ ನಂಗೆ ಕೈಕಾಲು ಬರಲ್ಲ."

ಇಷ್ಟಾದರೂ ಅಪ್ಪಯ್ಯ ಯಾಕೆ ಬಿದ್ದರು ಎಂದು ನಾವು ಯಾರೂ ಕೇಳಿರಲಿಲ್ಲ. ಎಲ್ಲರೂ 'ವಯಸ್ಸಾಯ್ತು' ಎಂದು ಮುಗಿಸಿದ್ದೆವು. ಅಮೆರಿಕದ ತಮ್ಮ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದ. ಮಳೆಯಲ್ಲಿ ಬೇರೆ ಕೆಲಸವಿಲ್ಲದೆ ನಾನು ಮಾತ್ರೆಗಳ ಹಾಳೆ ಮಾಡಲು ಕೂತೆ. ಅಮ್ಮ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದು ಸುರಿದಳು. ಬೆಳಗಿನದ್ದಕ್ಕೆ ಕೆಂಪು ದಾರ, ರಾತ್ರಿಯದ್ದಕ್ಕೆ ಬಿಳಿ ದಾರ ಕಟ್ಟಿ ಅವಳು ಮಾಡಿಕೊಂಡ ವ್ಯವಸ್ಥೆ ನನ್ನ ಎಕ್ಸೆಲ್ಲಿಗಿಂತ ಚೆನ್ನಾಗಿತ್ತು. ನಾನು ಪ್ರತಿ ಸ್ಟ್ರಿಪ್ಪಿನ ಮೇಲಿನ ದೊಡ್ಡ ಹೆಸರಿನ ಜೊತೆಗೆ, ಒಳಗಿನ ಔಷಧಿಯ ಹೆಸರನ್ನೂ ಬೇರೆ ಕಾಲಮ್ಮಿನಲ್ಲಿ ಬರೆದೆ. ಅಭ್ಯಾಸ ಬಲದಿಂದ ಆ ಕಾಲಮ್ಮನ್ನು ಅಕಾರಾದಿಯಾಗಿ ಜೋಡಿಸಿದೆ. ಟೆಲ್ಮಿಸಾರ್ಟನ್ ಒಂದರ ಕೆಳಗೊಂದು ಎರಡು ಸಲ ಬಂತು.

ಒಂದು ತೀರ್ಥಹಳ್ಳಿಯ ಡಾಕ್ಟರು ಐದಾರು ವರ್ಷದಿಂದ ಕೊಡುತ್ತಿದ್ದ ಬಿಪಿ ಮಾತ್ರೆ, ನಲವತ್ತು ಮಿಲಿಗ್ರಾಂ. ಇನ್ನೊಂದು ಆಗುಂಬೆ ಘಾಟಿ ಇಳಿದು ಹೋದ ದೊಡ್ಡ ಆಸ್ಪತ್ರೆಯಲ್ಲಿ ಹಿಂದಿನ ವರ್ಷ ಬರೆದುಕೊಟ್ಟದ್ದು. ಅದರೊಳಗೆ ಅದೇ ಟೆಲ್ಮಿಸಾರ್ಟನ್ ನಲವತ್ತು, ಜೊತೆಗೆ ಆಮ್ಲೋಡಿಪಿನ್ ಐದು. ಒಂದರ ಬಣ್ಣ ಬಿಳಿ, ಇನ್ನೊಂದಕ್ಕೆ ಎರಡು ಬಣ್ಣ. ಕಂಪನಿ ಬೇರೆ, ಹೆಸರು ಬೇರೆ, ಬೆಲೆ ಬೇರೆ. ಅಮ್ಮನ ದೃಷ್ಟಿಯಲ್ಲಿ ಇಬ್ಬರು ಡಾಕ್ಟರು, ಎರಡು ಮಾತ್ರೆ, ಎರಡನ್ನೂ ಕೊಡಬೇಕು. ಘಟ್ಟದ ಮೇಲಿನವರು ಕೊಟ್ಟದ್ದು ಕೆಳಗಿನವರಿಗೆ ಗೊತ್ತಿಲ್ಲ, ಕೆಳಗಿನವರು ಕೊಟ್ಟದ್ದು ಮೇಲಿನವರಿಗೆ ಗೊತ್ತಿಲ್ಲ. ಇದರ ಮೇಲೆ ರಾತ್ರಿ ಮಲಗುವಾಗ ಪ್ರಾಸ್ಟೇಟಿನದ್ದು, ಟ್ಯಾಮ್ಸುಲೋಸಿನ್. ಅದು ಮೂತ್ರ ಸಲೀಸಾಗಲೆಂದು ಅಲ್ಲಿನ ಸ್ನಾಯು ಸಡಿಲಿಸುತ್ತದೆ, ಕೆಲವರಲ್ಲಿ ರಕ್ತನಾಳವನ್ನೂ ಸಡಿಲಿಸುತ್ತದೆ.

ಅಕ್ಕನಿಗೆ ಫೋನು ಮಾಡಿದೆ. ಅವಳು, "ನೀನೇ ನಿಲ್ಲಿಸ್ಬೇಡ. ಡಬ್ಬಿ ಸಮೇತ ಅಪ್ಪಯ್ಯನ್ನ ಕರ್ಕೊಂಡು ಹೋಗು" ಎಂದಳು. ಹೋದೆವು. ಡಾಕ್ಟರು ಅಪ್ಪಯ್ಯನನ್ನು ಐದು ನಿಮಿಷ ಮಲಗಿಸಿ ಬಿಪಿ ನೋಡಿದರು: 132, ಕೆಳಗಿನದ್ದು 78. ಎಬ್ಬಿಸಿ ನಿಲ್ಲಿಸಿ ಒಂದು ನಿಮಿಷಕ್ಕೆ ಮತ್ತೆ ನೋಡಿದರು, ಮೂರು ನಿಮಿಷಕ್ಕೆ ಮತ್ತೆ ನೋಡಿದರು: 104, ಕೆಳಗಿನದ್ದು 66. ನಿಂತಾಗ ಮೇಲಿನ ಅಂಕಿ ಇಪ್ಪತ್ತೋ ಅದಕ್ಕಿಂತ ಜಾಸ್ತಿಯೋ ಇಳಿದರೆ, ಅಥವಾ ಕೆಳಗಿನದ್ದು ಹತ್ತು ಇಳಿದರೆ, ಎದ್ದೇಳುವಾಗ ತಲೆ ತಿರುಗಿ ಬೀಳುವ ಅಪಾಯವಿದೆ ಎಂದರ್ಥವಂತೆ. ಅಪ್ಪಯ್ಯನದ್ದು ಇಪ್ಪತ್ತೆಂಟು ಇಳಿದಿತ್ತು. ಕೂತೇ ಬಿಪಿ ನೋಡಿದರೆ ಇದು ಗೊತ್ತಾಗುವುದಿಲ್ಲ; ಅಷ್ಟು ದಿನ ಎಲ್ಲರೂ ಕೂತೇ ನೋಡಿದ್ದರು, 'ನಾರ್ಮಲ್' ಎಂದಿದ್ದರು. ನಾನು ಉಡುಗೊರೆ ಕೊಟ್ಟ ಬಿಪಿ ಮಿಷನ್ನು ಷೋಕೇಸಿನಲ್ಲಿ ಕ್ರೋಶಾ ಹೊದಿಕೆಯ ಕೆಳಗೆ ಸುರಕ್ಷಿತವಾಗಿತ್ತು.

ಡಾಕ್ಟರು ಎರಡರಲ್ಲಿ ಒಂದು ಮಾತ್ರೆ ನಿಲ್ಲಿಸಿದರು. ರಾತ್ರಿ ಎಚ್ಚರವಾದ ಕೂಡಲೇ ಏಳಬಾರದು, ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಎರಡು ನಿಮಿಷ ಕೂತು ಆಮೇಲೆ ಏಳಬೇಕು ಎಂದರು. ಅಪ್ಪಯ್ಯ, "ಅಷ್ಟೊತ್ತಿಗೆ ಬಚ್ಚಲು ಮಂಚಕ್ಕೇ ಬಂದಿರ್ತದೆ" ಎಂದರು. ಎರಡು ವಾರ ಬಿಟ್ಟು ಷೋಕೇಸಿನ ಮಿಷನ್ ತೆಗೆದು ನಾವೇ ನೋಡಿದೆವು. ಮಲಗಿದಾಗ 138, ನಿಂತಾಗ 126. ಮೂರು ಮಕ್ಕಳು, ಎರಡು ಖಂಡ, ಒಂದು ರಾಜೀನಾಮೆ ಸೇರಿ ಬಗೆಹರಿಸಬೇಕೆಂದಿದ್ದ ಸಮಸ್ಯೆಯ ಅರ್ಧ ಭಾಗ ಒಂದು ಬಿಳಿ ಮಾತ್ರೆಯಾಗಿತ್ತು.

ಉಳಿದರ್ಧ ಬಚ್ಚಲಿನ ದಾರಿ. ಹಳೆಯ ಮನೆ. ಮಲಗುವ ಕೋಣೆಯಿಂದ ಬಚ್ಚಲುಮನೆಗೆ ಹೋಗಲು ಎರಡು ಹೊಸಿಲು ದಾಟಬೇಕು, ಒಂದು ಮೆಟ್ಟಿಲು ಇಳಿಯಬೇಕು, ದೀಪದ ಸ್ವಿಚ್ಚು ಮೆಟ್ಟಿಲು ಇಳಿದ ಮೇಲೆ. ನಾನು ಬೆಂಗಳೂರಿನಿಂದ ಸ್ಟೀಲಿನ ಹಿಡಿಕೆ ತಂದಿದ್ದೆ, ಗೋಡೆಗೆ ಕೂರಿಸಲು. ಡ್ರಿಲ್ ಇಟ್ಟ ಕೂಡಲೇ ಗೋಡೆಯಿಂದ ಮಣ್ಣು ಧಾರಾಕಾರ ಸುರಿಯಿತು. ಮಣ್ಣಿನ ಗೋಡೆಯಲ್ಲಿ ಆಂಕರ್ ಬೋಲ್ಟ್ ನಿಲ್ಲುವುದಿಲ್ಲ. ಮೇಲ್ನೋಟಕ್ಕೆ ಗಟ್ಟಿಯಾಗಿ ಕೂತಂತೆ ಕಾಣುತ್ತದೆ, ಬೀಳುವ ಮನುಷ್ಯ ಪೂರ್ತಿ ಭಾರ ಹಾಕಿ ಹಿಡಿದಾಗ ಹಿಡಿಕೆ ಅವನ ಕೈಗೇ ಬರುತ್ತದೆ. ಊರಿನ ಬಡಗಿ ಬಂದು ನೋಡಿ, ನಕ್ಕು, ನೆಲದಿಂದ ಮಾಡಿನ ಅಡ್ಡೆಯವರೆಗೆ ಒಂದು ಮರದ ಕಂಬ ನಿಲ್ಲಿಸಿ, ಹಿಡಿಕೆಯನ್ನು ಅದಕ್ಕೆ ಬಿಗಿದ. ಸ್ವಿಚ್ಚು ಮಂಚದ ಪಕ್ಕಕ್ಕೆ ಬಂತು. ಹೊಸಿಲಿನ ಅಂಚಿಗೆ ಬಿಳಿ ಬಣ್ಣ ಬಳಿಸಿದೆವು. ಮಂಚದ ಕೆಳಗೆ ಇಡುವ ಯೂರಿನ್ ಪಾಟು ತಂದುದನ್ನು ಅಪ್ಪಯ್ಯ ಇನ್ನೂ ಮುಟ್ಟಿಲ್ಲ. ಅಮ್ಮ ಅದರಲ್ಲಿ ಕರಿಬೇವಿನ ಸಸಿ ನೆಡುವ ಯೋಚನೆಯಲ್ಲಿದ್ದಾಳೆ.

ಈಗ ಶ್ರವಣಕುಮಾರನ ವಿಷಯ. ಕಾವಡಿಯಲ್ಲಿ ತಂದೆ ತಾಯಿಯನ್ನು ಹೊತ್ತವನ ಕತೆಯನ್ನು ನಮಗೆಲ್ಲ ಮಾದರಿ ಎಂದು ಹೇಳಿಕೊಟ್ಟರು. ನಾನು ಪ್ರಾಜೆಕ್ಟ್ ಮ್ಯಾನೇಜರಾಗಿ ಅದನ್ನು ಮತ್ತೆ ನೋಡಿದೆ. ಇಡೀ ವ್ಯವಸ್ಥೆ ಒಬ್ಬನ ಹೆಗಲ ಮೇಲೆ ಇತ್ತು, ಬದಲಿ ಆಳಿಲ್ಲ. ಅವನು ನೀರು ತರಲು ಹೋದಾಗ ದಶರಥನ ಬಾಣ ತಾಗಿತು, ಹಿಂದೆಯೇ ಅಂಧರಾದ ಆ ಇಬ್ಬರೂ ಹೋದರು. ನಮ್ಮ ಆಫೀಸಿನಲ್ಲಿ ಹೀಗೆ ಯೋಜನೆ ಮಾಡಿದವನಿಗೆ ಆ ವರ್ಷ ಬಡ್ತಿ ಸಿಗುವುದಿಲ್ಲ.

ಹೆಂಡತಿ, ಅಕ್ಕ, ನಾನು ಶಿವಮೊಗ್ಗದಲ್ಲಿ ಕೂತು ಹಾಳೆಯನ್ನು ಮೊದಲಿನಿಂದ ಬರೆದೆವು. ಗೆರೆ ಎಳೆಯುವ ಹಾಗಿಲ್ಲ, ಪ್ರತಿ ಸಾಲಿಗೂ ಒಂದು ಹೆಸರು ಬೇಕು ಎಂದು ಹೆಂಡತಿ ಮೊದಲೇ ಹೇಳಿದ್ದಳು. ಮಾತ್ರೆ, ಡಾಕ್ಟರು, ರಿಪೋರ್ಟಿನ ಫೈಲು ನನ್ನದು. ಎಲ್ಲಿ ಹೋದರೂ ಅದೇ ಒಂದು ಪಟ್ಟಿ ಡಾಕ್ಟರ ಕೈಗೆ ಕೊಡುವುದು. ತಿಂಗಳಲ್ಲಿ ಒಂದು ವಾರ ನಾನು ಊರಿನಲ್ಲಿರುವುದು, ಆಗ ನನ್ನ ಊಟ ನಾನೇ ಬೇಯಿಸುವುದು, ಅಮ್ಮ ಆ ಹೊತ್ತಿಗೆ ಅಡುಗೆಮನೆಗೆ ಬರಕೂಡದು ಎಂಬುದು ನಿಯಮ. ತುರ್ತಿಗೆ ಅಕ್ಕ. ಹಗಲು ಅಡುಗೆ, ಕಸಕ್ಕೆ ಪಕ್ಕದ ಮನೆಯವರೊಬ್ಬರು ಒಪ್ಪಿದ್ದಾರೆ, ಅವರ ಸಂಬಳ ಅಮೆರಿಕದಿಂದ ಬರುತ್ತದೆ. ತಮ್ಮನಿಗೆ ಇದನ್ನು ಹೇಳಿದಾಗ ಒಂದು ಕ್ಷಣ ನೆಟ್‌ವರ್ಕ್ ಹೋಯಿತು. ಅಲ್ಲಿ ಮಳೆಯೂ ಇರಲಿಲ್ಲ.

ವಿಮೆಗೆ ಅರ್ಜಿ ಹಾಕಿದ್ದೇನೆ. ಅದು ಸಿಕ್ಕಿ, ಕಾಯುವ ಅವಧಿ ಮುಗಿದು, ಮಗಳು ಕಾಲೇಜು ಮುಗಿಸುವ ಹೊತ್ತಿಗೆ ಕೆಲಸ ಬಿಡುವ ಮಾತು ಮತ್ತೆ ಎತ್ತುವುದು ಎಂದು ತೀರ್ಮಾನ. ಅಷ್ಟರೊಳಗೆ ಅಪ್ಪಯ್ಯ ಅಥವಾ ಅಮ್ಮ ಹಾಸಿಗೆ ಹಿಡಿದರೆ, ಅಥವಾ ಇಬ್ಬರಲ್ಲಿ ಒಬ್ಬರೇ ಉಳಿದರೆ, ಈ ಹಾಳೆ ಸಾಲುವುದಿಲ್ಲ, ಆಗ ಹೋಗಲೇಬೇಕು. ಅದನ್ನೂ ಕೆಳಗೆ ಕೆಂಪು ಅಕ್ಷರದಲ್ಲಿ ಬರೆದು ಮೂವರೂ ಒಪ್ಪಿದ್ದೇವೆ. ರಾಜೀನಾಮೆಯ ಪುಟ ಪೋರ್ಟಲ್ಲಿನಲ್ಲಿ ತಾನಾಗಿ ಅಳಿಸಿಹೋಗಿದೆ.

ಒಂದು ಸಾಲು ಮಾತ್ರ ಇನ್ನೂ ಖಾಲಿ: ರಾತ್ರಿ. ಮನೆಯಲ್ಲಿ ರಾತ್ರಿ ಮಲಗಲು ಒಬ್ಬ ಗಟ್ಟಿ ಮನುಷ್ಯ ಬೇಕು. ತೀರ್ಥಹಳ್ಳಿ ಕಡೆಯ ಓದುಗರು ಯಾರಾದರೂ ಇದ್ದರೆ, ನಿಮಗೆ ಗೊತ್ತಿರುವವರು ಇದ್ದರೆ ದಯವಿಟ್ಟು ತಿಳಿಸಿ. ರಾತ್ರಿ ಊಟ, ಬೆಳಗಿನ ತಿಂಡಿ, ಸಂಬಳ ಕೊಡುತ್ತೇವೆ. ಗೊರಕೆ ಅಡ್ಡಿಯಿಲ್ಲ, ಅಪ್ಪಯ್ಯನಿಗೆ ಕಿವಿ ಮಂದ. ಇಸ್ಪೀಟು ಬರಬೇಕು, ಸೋಲಲು ತಯಾರಿರಬೇಕು. ಕಡುಬು ಬೇಡ ಎನ್ನುವವರು ಮಾತ್ರ ಬರುವುದು ಬೇಡ, ಅಮ್ಮ ಒಪ್ಪುವುದಿಲ್ಲ.